ಸಿನಾಪ್ಸಿಸ್‌ನ ಮೊದಲ ಪ್ಯಾರಾ

ಎಂಜಿನಿಯರಿಂಗ್‌ನ ಏಳನೇ ಸೆಮಿಸ್ಟರ್‌ನಲ್ಲಿ ನಾವು ಸಲ್ಲಿಸಬೇಕಾಗಿದ್ದ ಪ್ರಾಜೆಕ್ಟ್ ಸಿನಾಪ್ಸಿಸ್ ಮೂರು ಪುಟ ಮೀರಬಾರದೆಂದು ವಿಭಾಗದ ಸೂಚನೆಯಿತ್ತು. ಶೀರ್ಷಿಕೆ, ಸಮಸ್ಯೆಯ ನಿರೂಪಣೆ, ಉದ್ದೇಶಗಳು, ವಿಧಾನ, ನಿರೀಕ್ಷಿತ ಫಲಿತಾಂಶ, ಕೊನೆಗೆ ಆಕರಗಳು. ಇವೆಲ್ಲ ಇಂಗ್ಲಿಷಿನಲ್ಲಿರಬೇಕು, ಗೈಡ್‌ನ ಸಹಿ ಕೆಳಗಿರಬೇಕು. ಶನಿವಾರ ಸಂಜೆ ನಾಲ್ಕರೊಳಗೆ ಸಹಿ ಆಗದ ತಂಡಗಳಿಗೆ ವಿಭಾಗವೇ ಉಳಿದ ವಿಷಯಗಳಲ್ಲೊಂದನ್ನು ಹಂಚುವುದೆಂದೂ, ಅಂಥವರಿಗೆ ಮೊದಲ ಪರಿಶೀಲನೆಯ ಅಂಕಗಳಿಲ್ಲವೆಂದೂ ನೋಟಿಸ್ ಬೋರ್ಡ್‌ನಲ್ಲಿ ಹಾಕಿದ್ದರು.

ಹತ್ತನೇ ತರಗತಿಯವರೆಗೆ ನಮ್ಮೂರು ಕೋಗಿಲಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮೊದಲು ಯಾರೂ ಇರಲಿಲ್ಲ. ಆದುದರಿಂದ ಇಂಗ್ಲಿಷಿನಲ್ಲಿ ಏನನ್ನಾದರೂ ಬರೆಯಬೇಕಾದಾಗ ನನ್ನದೊಂದು ಪದ್ಧತಿಯಿತ್ತು. ಹಿಂದಿನ ವರ್ಷದವರ ಪ್ರತಿಯೊಂದನ್ನು ತಂದು, ವಾಕ್ಯಗಳನ್ನು ಹಾಗೆಯೇ ಉಳಿಸಿಕೊಂಡು, ನಡುವಿನ ಪದಗಳನ್ನಷ್ಟೇ ಬದಲಿಸುವುದು. ತಪ್ಪಿಲ್ಲದ ವಾಕ್ಯ ಸಿಕ್ಕಿರುವಾಗ ಅದನ್ನು ಕದಲಿಸುವ ಧೈರ್ಯ ನನಗಿರಲಿಲ್ಲ. ಸಿನಾಪ್ಸಿಸ್ಸನ್ನೂ ಹಾಗೆಯೇ ಸಿದ್ಧಪಡಿಸಿದೆ. ವಿಷಯ, ಬಡಾವಣೆಗೆ ನೀರು ಪೂರೈಸುವ ಕೊಳವೆಬಾವಿಯ ಮೋಟಾರನ್ನು ತಾನಾಗಿಯೇ ನಡೆಸಿ ನಿಲ್ಲಿಸುವ ಯಂತ್ರ. ಸಮಸ್ಯೆಯ ನಿರೂಪಣೆಯಲ್ಲಿ, ಮನುಷ್ಯರ ನಿರ್ಲಕ್ಷ್ಯದಿಂದ ಮೋಟಾರುಗಳು ಹಾಳಾಗುತ್ತಿವೆ, ನೀರು ವ್ಯರ್ಥವಾಗುತ್ತಿದೆ, ಇದನ್ನು ತಡೆಯಲು ಸ್ವಯಂಚಾಲಿತ ವ್ಯವಸ್ಥೆಯಿಲ್ಲ ಎಂದು ಬರೆದಿದ್ದೆ. ಹಿಂದಿನ ವರ್ಷದ ಪ್ರತಿಯಲ್ಲಿ ಇದೇ ವಾಕ್ಯ ಬೀದಿದೀಪಗಳ ಬಗ್ಗೆ ಇತ್ತು.

ನಮ್ಮದು ಇಬ್ಬರದೇ ತಂಡ. ನನ್ನ ಜೊತೆಗಿದ್ದವಳು ಹುಬ್ಬಳ್ಳಿ ಕಡೆಯವಳು. ಅವಳ ತಂದೆ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು, ಮನೆ ಚಿಕ್ಕಬಾಣಾವರದಲ್ಲಿತ್ತು. ಮಂಗಳವಾರ ಇಬ್ಬರೂ ಗೈಡ್ ಮೇಡಂ ಮುಂದೆ ನಿಂತೆವು. ಅವರು ಪೆನ್ಸಿಲ್ ಹಿಡಿದು ಓದಿದರು. ವ್ಯಾಕರಣವನ್ನು ಒಂದೆಡೆಯೂ ತಿದ್ದಲಿಲ್ಲ. ನನಗೆ ಸಮಾಧಾನವಾಗುತ್ತಿದ್ದಂತೆಯೇ ಸಮಸ್ಯೆಯ ಪ್ಯಾರಾದ ಸುತ್ತ ಪೂರ್ತಿಯಾಗಿ ಗೆರೆ ಹಾಕಿದರು.

"ಇದು ಸಮಸ್ಯೆ ಅಲ್ಲಮ್ಮ. ನೀವು ಮಾಡೋ ಯಂತ್ರ ಇನ್ನೂ ಅಲ್ಲಿಲ್ಲ ಅಂತ ಬರ್ದಿದ್ದೀರ, ಅಷ್ಟೇ. ಯಾರ ನಿರ್ಲಕ್ಷ್ಯ? ಮೋಟಾರ್ ಯಾಕೆ ಸುಡತ್ತೆ? ಯಾರನ್ನಾದ್ರೂ ಕೇಳಿದ್ರಾ?"

ನಾನು ತಲೆ ತಗ್ಗಿಸಿದೆ. ನನ್ನ ತಂದೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕೋಗಿಲಿನಲ್ಲಿ ನೀರು ಬಿಡುವ ಕೆಲಸ ಮಾಡುತ್ತಿದ್ದರು. ಮೂರು ಕೊಳವೆಬಾವಿಗಳು ಅವರ ಸುಪರ್ದಿಯಲ್ಲಿದ್ದವು. ಈ ಸಂಗತಿ ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗದಂತೆ ನಾನೇ ನೋಡಿಕೊಂಡಿದ್ದೆ. ಕೇಳಿಲ್ಲ ಮೇಡಂ ಎಂದೆ. ಆ ಮಾತು ನಿಜವೇ ಆಗಿತ್ತು.

ಕ್ಯಾಂಟೀನ್‌ನಲ್ಲಿ ನನ್ನ ಜೊತೆಗಾತಿ ಇನ್ನೊಂದು ದಾರಿ ಹೇಳಿದಳು. ಯಶವಂತಪುರದಲ್ಲಿ ಅವಳ ಅಣ್ಣನಿಗೆ ಪರಿಚಯದ ಪ್ರಾಜೆಕ್ಟ್ ಸೆಂಟರ್ ಒಂದಿತ್ತು. ಅಲ್ಲಿ ಸಿನಾಪ್ಸಿಸ್, ಸರ್ಕ್ಯೂಟ್, ವರದಿ ಎಲ್ಲವೂ ಸಿದ್ಧವಾಗಿ ಸಿಗುತ್ತಿದ್ದವು, ನಮ್ಮ ಹೆಸರು ತುಂಬಿಸಿದರೆ ಮುಗಿಯಿತು. ಅದನ್ನು ತಂದರೂ ಮೇಡಂ ಇವೇ ಪ್ರಶ್ನೆಗಳನ್ನು ಕೇಳುತ್ತಾರಲ್ಲ ಎಂದೆ. ಅದಕ್ಕೂ ಸೆಂಟರಿನವರೇ ಉತ್ತರ ಕಲಿಸುತ್ತಾರೆ ಎಂದಳು. ಅಪ್ಪನ ವಿಷಯ ಎತ್ತದೆ, ಗುರುವಾರ, ಶುಕ್ರವಾರ ಎರಡು ದಿನ ಕೊಡು, ಆಗದಿದ್ದರೆ ಶನಿವಾರ ಬೆಳಿಗ್ಗೆ ನಾನೇ ನಿನ್ನ ಜೊತೆ ಯಶವಂತಪುರಕ್ಕೆ ಬರುತ್ತೇನೆ ಎಂದು ಒಪ್ಪಿಸಿದೆ.

"ನಿನಗ ಹುಚ್ಚು ಹಿಡದೈತಿ," ಎಂದಳು. "ಎರಡ ದಿನದಾಗ ಏನ್ ಹುಡಕ್ತಿ?"

ಬುಧವಾರ ಸಂಜೆ ಅಪ್ಪ ಕೈಕಾಲು ತೊಳೆದು ಕುಳಿತಿದ್ದಾಗ ವಿಷಯ ಹೇಳಿದೆ. ಬರೆದದ್ದನ್ನು ಓದು ಎಂದರು. ಇಂಗ್ಲಿಷಿನದನ್ನು ವಾಕ್ಯ ವಾಕ್ಯವಾಗಿ ಕನ್ನಡಕ್ಕೆ ತಿರುಗಿಸಿ ಹೇಳುತ್ತಾ ಹೋದೆ. ಮನುಷ್ಯರ ನಿರ್ಲಕ್ಷ್ಯ ಎಂಬಲ್ಲಿಗೆ ಬಂದಾಗ ಅದನ್ನು ಹಾರಿಸಬಹುದೆನಿಸಿತು. ಹಾರಿಸಲಿಲ್ಲ.

ಅಪ್ಪ ಟವಲಿನಿಂದ ಕೈ ಒರೆಸಿಕೊಂಡು ನನ್ನತ್ತ ತಿರುಗಿದರು.

"ಆ ಮನುಸ ನಾನೇನಾ ಮಗ?"

ಅಡಿಗೆಮನೆಯಿಂದ ಅಮ್ಮ ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ. ಪುಸ್ತಕದಲ್ಲಿದ್ದ ಮಾತನ್ನು ಬರೆದೆ ಎಂದೆ. ಹಾಗಿದ್ದರೆ ಪುಸ್ತಕದವನನ್ನೂ ಕರೆದುಕೊಂಡು ಬೆಳಿಗ್ಗೆ ಐದೂವರೆಗೆ ಪಂಪ್‌ಹೌಸಿಗೆ ಬಾ ಎಂದು ಅಪ್ಪ ಎದ್ದು ಊಟಕ್ಕೆ ಕುಳಿತರು.

ಗುರುವಾರ ಬೆಳಿಗ್ಗೆ ಅವರ ಸೈಕಲ್ಲಿನ ಹಿಂದೆ ಕುಳಿತು ಹೋದೆ. ಪಂಪ್‌ಹೌಸ್ ಎಂದರೆ ತಗಡಿನ ಬಾಗಿಲಿನ ಸಣ್ಣ ಕೋಣೆ. ಒಳಗೆ ಸ್ಟಾರ್ಟರ್ ಪೆಟ್ಟಿಗೆ, ಅದರ ಮೇಲೆ ಗಾಜಿನ ಎರಡು ಮೀಟರ್‌ಗಳು. ಅಪ್ಪ ಮೋಟಾರ್ ಹಾಕಿ ಒಂದು ಕೈಯನ್ನು ಕಬ್ಬಿಣದ ಪೈಪಿನ ಮೇಲಿಟ್ಟರು. ಕಣ್ಣು ಮಾತ್ರ ಕರೆಂಟಿನ ಮೀಟರಿನ ಮುಳ್ಳಿನ ಮೇಲಿತ್ತು.

"ನೀರು ಎತ್ತುವಾಗ ಮುಳ್ಳು ಇಲ್ಲಿರ್ತದೆ. ಬೋರು ಬತ್ತಿದ್ರೆ ಇಂಗೆ ಕೆಳಕ್ ಬೀಳ್ತದೆ. ಎತ್ತೋಕೆ ಏನೂ ಇಲ್ವಲ್ಲ, ಮೋಟರ್‌ಗೆ ಹಗುರ. ಆದ್ರೆ ತಂಪಿಲ್ಲ. ಇಂಗೆ ಬಿಟ್ರೆ ಸುಟ್ಟೋಯ್ತದೆ."

ಭಾರವಿಲ್ಲದ ಮೋಟಾರು ಕಡಿಮೆ ಕರೆಂಟ್ ಎಳೆಯುತ್ತದೆಂಬುದನ್ನು ನಾನು ಐದನೇ ಸೆಮಿಸ್ಟರ್‌ನ ಲ್ಯಾಬಿನಲ್ಲಿ ಅಳೆದು ಗ್ರಾಫ್ ಬರೆದಿದ್ದೆ. ಅದೇ ಮಾತನ್ನು ಅಪ್ಪ ಪೈಪಿನ ಮೇಲೆ ಕೈಯಿಟ್ಟುಕೊಂಡು ಹೇಳುತ್ತಿದ್ದರು. ನಾನು ನೋಟ್‌ಬುಕ್ ತೆಗೆದೆ.

ಪೆಟ್ಟಿಗೆಯ ಒಳಬದಿಯಲ್ಲಿ ಇನ್ನೊಂದು ಚಿಕ್ಕ ಡಬ್ಬಿ ಕಂಡಿತು. ಡ್ರೈ ರನ್ ಪ್ರಿವೆಂಟರ್ ಎಂದು ಅದರ ಮೇಲೆ ಬರೆದಿತ್ತು. ನೀರಿಲ್ಲದಾಗ ಮೋಟಾರನ್ನು ತಾನಾಗಿಯೇ ನಿಲ್ಲಿಸುವ ಸಾಧನ. ಆದರೆ ಅದರ ಎರಡು ತುದಿಗಳನ್ನು ಕೆಂಪು ವೈರಿನಿಂದ ನೇರವಾಗಿ ಜೋಡಿಸಿ, ಅದು ಕೆಲಸ ಮಾಡದಂತೆ ಮಾಡಲಾಗಿತ್ತು. ನಾನು ಇಲ್ಲವೆಂದು ಬರೆದಿದ್ದ ವ್ಯವಸ್ಥೆ ಕಣ್ಣೆದುರಿಗೇ ಇತ್ತು. ಯಾರು ಹೀಗೆ ಮಾಡಿದ್ದೆಂದು ಕೇಳಿದೆ.

"ನಾನೇ ಯೇಳಿ ಮಾಡ್ಸಿದ್ದು," ಎಂದರು ಅಪ್ಪ. "ನೀರಿನ ಜೊತೆ ಒಂಚೂರು ಗಾಳಿ ಬಂದ್ರೂ ಮುಳ್ಳು ಅಲ್ಲಾಡ್ತದೆ, ಆ ಡಬ್ಬಿ ತಕ್ಷಣ ಆಫ್ ಮಾಡ್ಬುಡೋದು. ನಾನು ಇನ್ನೊಂದು ಬೋರಿನತ್ರ ಇರ್ತೀನಿ, ನಂಗೆ ಎಂಗೆ ಗೊತ್ತಾಗ್ಬೇಕು? ಎರಡು ಬೀದಿಗೆ ನೀರಿಲ್ಲ, ಜನ ಮನೆತಂಕ ಬಂದ್ರು. ಅದಕ್ಕೇ ತೆಗ್ಸಿದೆ. ಕಳ್ದ್ ಬ್ಯಾಸಗೇಲಿ ಮೋಟರ್ ಸುಡ್ತು."

ಕೊನೆಯ ಮಾತನ್ನು ಅವರು ನನ್ನ ಮುಖ ನೋಡದೆ ಹೇಳಿದರು. ಆ ಬೇಸಿಗೆ ನನಗೂ ನೆನಪಿತ್ತು. ಮೋಟಾರನ್ನು ಮೇಲೆತ್ತಿ, ವೈಂಡಿಂಗ್ ಮಾಡಿಸಿ ಇಳಿಸುವವರೆಗೆ ನಮ್ಮ ಬೀದಿಯಲ್ಲಿ ಟ್ಯಾಂಕರ್ ಬರುತ್ತಿತ್ತು, ಅಪ್ಪ ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದ್ದರು. ಕಾರಣವನ್ನು ಅವರು ಆಗ ಮನೆಯಲ್ಲಿ ಹೇಳಿರಲಿಲ್ಲ.

ಆ ದಿನವೂ ಮರುದಿನವೂ ನಾನು ಗಡಿಯಾರ ಹಿಡಿದು ಕುಳಿತೆ. ಮುಳ್ಳು ಬಿದ್ದು ಮೋಟಾರ್ ನಿಲ್ಲಿಸಿದ ಮೇಲೆ ಬಾವಿಯಲ್ಲಿ ಮತ್ತೆ ನೀರು ಸೇರಲು ಗುರುವಾರ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು, ಶುಕ್ರವಾರ ಒಂದೂವರೆ ಗಂಟೆಯ ಹತ್ತಿರ. ಯಾವ ಹೊತ್ತಿಗೆ ಪುನಃ ಹಾಕಬೇಕೆಂಬುದು ಅಪ್ಪನ ಅಂದಾಜಿನ ಮೇಲೆ ನಿಂತಿತ್ತು. ಅಂದಾಜು ತಪ್ಪಿದರೆ ಸೈಕಲ್ಲಿನಲ್ಲಿ ಇನ್ನೊಂದು ಸುತ್ತು.

ಶುಕ್ರವಾರ ಮಧ್ಯಾಹ್ನ ಕಾಲೇಜಿನ ಲೈಬ್ರರಿಯಲ್ಲಿ ಹಳೆಯ ಪ್ರತಿಯನ್ನು ಬ್ಯಾಗಿನಿಂದ ತೆಗೆಯದೆಯೇ ಬರೆಯಲು ಕುಳಿತೆ. ವಾಕ್ಯಗಳು ಚಿಕ್ಕವಾದವು. ಕ್ರಿಯಾಪದ ಸರಿಯಿದೆಯೇ ಎಂದು ನಿಘಂಟು ನೋಡಿದೆ, ಆದರೆ ವಾಕ್ಯ ನನ್ನದೇ ಆಗಿತ್ತು. ನೀರು ಕಡಿಮೆಯಿರುವ ಕೊಳವೆಬಾವಿಗಳಲ್ಲಿ ಮೋಟಾರನ್ನು ಕಾಯುವ ಸಾಧನವಿದೆ. ಗಾಳಿ ಬಂದಾಗಲೂ ಅದು ನಿಲ್ಲಿಸುತ್ತದೆ. ನಿಂತದ್ದು ದೂರದಲ್ಲಿರುವ ನಿರ್ವಾಹಕನಿಗೆ ತಿಳಿಯುವುದಿಲ್ಲ. ಆದ್ದರಿಂದ ಸಾಧನವನ್ನೇ ತಪ್ಪಿಸಲಾಗುತ್ತದೆ, ಮೋಟಾರ್ ಸುಡುತ್ತದೆ. ಉದ್ದೇಶಗಳು ಮೂರು: ಕ್ಷಣಿಕ ಇಳಿತವನ್ನೂ ನಿಜವಾದ ಬತ್ತುವಿಕೆಯನ್ನೂ ಬೇರ್ಪಡಿಸುವುದು, ನಿಂತ ಕೂಡಲೇ ನಿರ್ವಾಹಕನ ಮೊಬೈಲಿಗೆ ಮೆಸೇಜ್ ಕಳುಹಿಸುವುದು, ಮತ್ತೆ ಹಾಕುವ ಮೊದಲು ಕಾಯುವ ಅವಧಿಯನ್ನು ಹಿಂದಿನ ಪ್ರಯತ್ನ ನೋಡಿ ಹೊಂದಿಸುವುದು. ನನ್ನ ಜೊತೆಗಾತಿ ಟೈಪ್ ಮಾಡುತ್ತಾ ಅರ್ಧದಲ್ಲಿ ನಿಲ್ಲಿಸಿ, ಸಾಧನವನ್ನು ತಪ್ಪಿಸುವ ಈ ಕಥೆ ಎಲ್ಲಿ ಸಿಕ್ಕಿತು ಎಂದು ಕೇಳಿದಳು. ಹೇಳಿದೆ. ಮೂರು ವರ್ಷ ಒಟ್ಟಿಗೆ ಡಬ್ಬಿ ಊಟ ಮಾಡಿದವಳಿಗೆ ನನ್ನ ತಂದೆಯ ಕೆಲಸ ಅಂದು ಮೊದಲು ತಿಳಿಯಿತು. "ಇಷ್ಟ ದಿನ ಯಾಕ ಮುಚ್ಚಿಟ್ಟಿದ್ದಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಟೈಪ್ ಮುಂದುವರಿಸಿದಳು.

ಶನಿವಾರ ಮೇಡಂ ಲ್ಯಾಬ್ ಮುಗಿಸಿ ಬಂದಾಗ ಮೂರೂಕಾಲು. ಮೊದಲ ಪ್ಯಾರಾವನ್ನು ಎರಡು ಸಲ ಓದಿದರು.

"ಸಾಧನ ಅಂಗಡಿಯಲ್ಲೇ ಸಿಗತ್ತೆ. ಅದನ್ನ ಯಾರೋ ಬೈಪಾಸ್ ಮಾಡಿದ್ರೆ ಅದು ಅವರ ತಪ್ಪು ಅಲ್ವಾ?"

ಇಲ್ಲಿ ಮಣಿದರೆ ಮುಗಿಯಿತೆಂದು ನನಗೆ ಗೊತ್ತಿತ್ತು.

"ಮಾಡಿದ್ದು ನಮ್ಮಪ್ಪ ಮೇಡಂ. ಕೋಗಿಲಲ್ಲಿ ನೀರು ಬಿಡ್ತಾರೆ. ತಪ್ಪೇ. ಆದ್ರೆ ಆ ಡಬ್ಬಿ ನಿಲ್ಲಿಸಿದ್ದನ್ನ ಅವ್ರಿಗೆ ಹೇಳ್ತಿರ್ಲಿಲ್ಲ. ಹೇಳಿದ್ರೆ ಅವ್ರು ಅದನ್ನ ತೆಗೆಸ್ತಿರ್ಲಿಲ್ಲ. ನಾವು ಮಾಡೋದು ಅದನ್ನೇ."

ಮೇಡಂ ನನ್ನ ಅಳತೆಗಳ ಪುಟವನ್ನು ಕೇಳಿ ಪಡೆದು ನೋಡಿದರು. ಎರಡೇ ದಿನದ್ದು ಸಾಲದು, ಮೊದಲ ಪರಿಶೀಲನೆಯೊಳಗೆ ಎರಡು ವಾರದ್ದು ಬೇಕು ಎಂದರು. ಅನಂತರ ನಿರೀಕ್ಷಿತ ಫಲಿತಾಂಶಕ್ಕೆ ಬಂದರು. ಅಲ್ಲಿ ನಾನು ಬಡಾವಣೆಗಳ ನೀರಿನ ತೊಂದರೆ ನಿವಾರಣೆಯಾಗುವುದೆಂದು ಬರೆದಿದ್ದೆ. ಒಂದೇ ಗೆರೆಯಲ್ಲಿ ಅದನ್ನು ಹೊಡೆದು ಹಾಕಿದರು.

"ಬಾವಿಗೆ ನೀರು ತರೋಕೆ ನಿಮ್ಮಿಂದ ಆಗಲ್ಲ. ವರ್ಷದ ಕೊನೇಲಿ ಮೇಜಿನ ಮೇಲೆ ಏನು ತೋರಿಸ್ತೀರೋ ಅಷ್ಟೇ ಬರೀರಿ."

ಪ್ರಿಂಟ್ ಅಂಗಡಿ ಗೇಟಿನ ಹೊರಗಿತ್ತು. ಇಬ್ಬರೂ ಓಡಿದೆವು. ಬತ್ತುವಿಕೆಯನ್ನು ಗುರುತಿಸಿ ಮೋಟಾರ್ ನಿಲ್ಲಿಸಿ ಮೆಸೇಜ್ ಕಳುಹಿಸುವ ಮಾದರಿ, ಒಂದು ಕೊಳವೆಬಾವಿಯಲ್ಲಿ ಅದರ ಪರೀಕ್ಷೆಯ ದಾಖಲೆ, ಇಷ್ಟನ್ನೇ ಎರಡು ಸಾಲಿನಲ್ಲಿ ಟೈಪ್ ಮಾಡಿಸಿದೆ. ಮೇಡಂ ಸಹಿ ಮಾಡಿದರು. ನಾಲ್ಕಕ್ಕೆ ಕೆಲವು ನಿಮಿಷವಿರುವಾಗ ವಿಭಾಗದ ಪ್ರಾಜೆಕ್ಟ್ ಕೋಆರ್ಡಿನೇಟರ್ ನಮ್ಮ ಪ್ರತಿಯ ಮೇಲೆ ಮುದ್ರೆ ಒತ್ತಿ, ರಿಜಿಸ್ಟರಿನಲ್ಲಿ ಶೀರ್ಷಿಕೆ ಬರೆದುಕೊಂಡರು.

ಮೆಟ್ಟಿಲಿಳಿಯುವಾಗ ನನ್ನ ಜೊತೆಗಾತಿ ಲೆಕ್ಕ ಹಾಕಿದಳು. ಚಿಕ್ಕಬಾಣಾವರದಿಂದ ಕೋಗಿಲಿಗೆ ಎರಡು ಬಸ್ಸು. ಎರಡು ವಾರ, ದಿನಾ ಬೆಳಿಗ್ಗೆ.

"ಸೋಮವಾರ ಎಷ್ಟಕ್ಕ ಬರಬೇಕು?"

ಐದೂವರೆಗೆ, ಮೋಟಾರ್ ಹಾಕುವ ಮೊದಲೇ ಮುಳ್ಳಿನ ಎದುರಿಗಿರಬೇಕು ಎಂದು ಹೇಳಿದೆ. ಆ ಹೊತ್ತಿಗೆ ಬಸ್ಸೇ ಇಲ್ಲವೆಂದಳು. ಹಾಗಾದರೆ ಭಾನುವಾರ ಸಂಜೆಯೇ ನಮ್ಮ ಮನೆಗೆ ಬಂದುಬಿಡು ಎಂದೆ. ನಮ್ಮ ಮನೆಗೆ ಕಾಲೇಜಿನ ಗೆಳತಿಯೊಬ್ಬಳನ್ನು ನಾನು ಕರೆದದ್ದು ಅದೇ ಮೊದಲು.