ಮೊರ ಹಿಡಿದವಳ ಹನ್ನೆರಡು ಸೆಕೆಂಡು

ಬಳ್ಳಾರಿಯ ಹೊನ್ನೂರಪ್ಪನಿಗೆ ಸ್ವಂತ ಅಂಗಡಿ ಇರಲಿಲ್ಲ. ಮನೆಯ ಪಡಸಾಲೆಯಲ್ಲಿ ಎರಡು ವಿ.ಸಿ.ಆರ್. ಇಟ್ಟುಕೊಂಡು, ಯಾರು ಕ್ಯಾಸೆಟ್ ತಂದರೂ ಬೇಕಾದ್ದನ್ನು ಆರಿಸಿ ಜೋಡಿಸಿಕೊಡುತ್ತಿದ್ದ. 1988ರ ಆಷಾಢ, ಮದುವೆಗಳಿಲ್ಲ. ಆಗ ಸಿರುಗುಪ್ಪದ ಚಿದಾನಂದಪ್ಪನವರ ಕೆಲಸ ಬಂತು. ಅಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ಅವರು ಭತ್ತ ತೂರುವ ಯಂತ್ರ ತಯಾರಿಸಿದ್ದರು. ಗಿರಣಿಯಲ್ಲೇ ಚಿತ್ರ ತೆಗೆಸಿ ಕ್ಯಾಸೆಟ್ ಕಳಿಸಿದ್ದರು; ರೈತರಿಗೆ ತೋರಿಸಲು ಅದರಿಂದ ಆರು ನಿಮಿಷದ ವಿಡಿಯೊ ಬೇಕಿತ್ತು.

ಮೊದಲ ಪ್ರತಿ ಬಸ್ಸಿನಲ್ಲಿ ಕಳಿಸಿದ ವಾರಕ್ಕೆ ಅವರ ಕಾಗದ ಬಂತು. ಹೆಂಡತಿ ಉಚ್ಚೆಂಗೆಮ್ಮ ಕಾಳು ಆರಿಸುತ್ತ, "ಗಟ್ಟಿಯಾಗಿ ಓದ್ರಿ, ನಾನೂ ಕೇಳ್ತೀನಿ" ಅಂದಳು.

"ಒಂದು: ಯಂತ್ರದ ಹೆಸರು ಬೇಗ ಹೋಗುತ್ತದೆ. ಅಕ್ಷರ ಕೂಡಿಸಿ ಓದುವವರಿಗೂ ಸಿಗುವಷ್ಟು ನಿಲ್ಲಲಿ. ಎರಡು: ಹಾಡಿನ ಸದ್ದಿನಲ್ಲಿ ಯಂತ್ರದ ಸದ್ದು ಕೇಳುವುದಿಲ್ಲ. ರೈತ ಅದನ್ನೇ ಕೇಳುವುದು. ಮೂರು: ಹಳೇ ಪದ್ಧತಿ ತೋರಿಸುವಲ್ಲಿ ಮೊರ ಹಿಡಿದ ಹೆಂಗಸು ಹನ್ನೆರಡು ಸೆಕೆಂಡು ನಿಲ್ಲುತ್ತಾಳೆ. ಮಾರಬೇಕಾದ್ದು ಯಂತ್ರ, ಮೊರವಲ್ಲ. ಮೂರು ಸೆಕೆಂಡು ಸಾಕು."

ಹೊನ್ನೂರಪ್ಪ ಕಾಗದವನ್ನು ತೊಡೆಯ ಮೇಲಿಟ್ಟ. ಮೊರ ಹಿಡಿದವಳು, ಸಿರುಗುಪ್ಪಕ್ಕೆ ಕೊಟ್ಟಿದ್ದ ಅವನ ಅಕ್ಕ ಹನುಮಮ್ಮ. ಒಂಬತ್ತು ವರ್ಷದ ಹಿಂದೆ, ನಾಗರ ಪಂಚಮಿಗೆ ಅವಳನ್ನು ತವರಿಗೆ ಕರೆತರಬೇಕಾದವನು ಕುರುಗೋಡಿನಲ್ಲಿ ಫೋಟೊ ತೆಗೆಯಲು ಹೋಗಿಬಿಟ್ಟಿದ್ದ. ಅವಳು ಗಂಟು ಕಟ್ಟಿಕೊಂಡು ಸಂಜೆಯವರೆಗೆ ಬಾಗಿಲಲ್ಲಿ ಕೂತಿದ್ದಳಂತೆ. ಮರುವರ್ಷ ನಾಚಿಕೆ ಅಡ್ಡ ಬಂತು, ಆಮೇಲೆ ಅದೇ ರೂಢಿಯಾಯಿತು. ಕ್ಯಾಸೆಟ್ಟಿನಲ್ಲಿ ಅವಳು ಕಂಡಾಗ, ನಿಲ್ಲಿಸುವ ಗುಂಡಿ ಒತ್ತಲು ಅವನ ಬೆರಳೇ ಏಳಲಿಲ್ಲ.

"ಮುಗೀತೇನ್ರಿ?"

"ಇನ್ನೊಂದು ಐತಿ. 'ನಾಲ್ಕು: ಗಿರಣಿಯಲ್ಲಿ ವಿಡಿಯೊ ಹಾಕಿದಾಗ ಆ ಹೆಂಗಸು, ಇದನ್ನು ಜೋಡಿಸಿದವರು ಯಾರೆಂದು ಕೇಳಿದಳು. ನಿಮ್ಮ ಹೆಸರು ಹೇಳಿದೆ. ಇನ್ನೊಮ್ಮೆ ಹಾಕಿರೆಂದಳು. ಕಾರಣ ತಿಳಿಯಲಿಲ್ಲ.'"

ಉಚ್ಚೆಂಗೆಮ್ಮ ಕಾಳಿನ ತಟ್ಟೆ ಕೆಳಗಿಟ್ಟಳು. "ಅವರಿಗೆ ತಿಳೀಲಿಲ್ಲ. ನಿಮಗರ ತಿಳೀತಿಲ್ಲೋ?"

ಟೇಪಿನ ನಡುವೆ ಒಂದು ದೃಶ್ಯದ ಹೊತ್ತು ಕಡಿಮೆಯಾದರೆ ಅಲ್ಲಿಂದ ಮುಂದಿನದೆಲ್ಲ ಮತ್ತೆ ಜೋಡಿಸಬೇಕು. ಅವನು ಎರಡು ದಿನ ಕೂತ. ಹೆಸರು ನಿಂತಿತು, ಹಾಡು ತಗ್ಗಿತು. ಹನ್ನೆರಡರಲ್ಲಿ ಅವನು ಉಳಿಸಿಕೊಂಡದ್ದು, ಅಕ್ಕ ಮೊರ ತಗ್ಗಿಸಿ ತಲೆಯೆತ್ತಿ ನೋಡುವ ಮೂರು ಸೆಕೆಂಡು.

ಈ ಸಲ ಕ್ಯಾಸೆಟ್ಟನ್ನು ಕಂಡಕ್ಟರ್ ಕೈಗೆ ಕೊಡಲಿಲ್ಲ. ಪಂಚಮಿಗೆ ಎರಡು ದಿನ ಮುಂಚೆ ದೇವರಿಗೆ ಕೈಮುಗಿದು, ಸೀರೆಯ ಪೊಟ್ಟಣ ಹಿಡಿದು ತಾನೇ ಬಸ್ಸು ಹತ್ತಿದ.

ಗಿರಣಿಯಂಗಳದಲ್ಲಿ ಹನುಮಮ್ಮ ಅಕ್ಕಿ ಕೇರುತ್ತಿದ್ದಳು. ತಲೆಯೆತ್ತಿದಳು, ವಿಡಿಯೊದಲ್ಲಿದ್ದ ಹಾಗೆಯೇ.

"ಕ್ಯಾಸೆಟ್ ಕೊಡಾಕ ಬಂದ್ಯೇನಲೇ?"

"ನಿನ್ನ ಕರಿಯಾಕ ಬಂದೀನಕ್ಕ."

"ಭಾಳ ತಡ ಆತಲ್ಲೋ ನಿನ್ನ ಬಸ್ಸು!"

ಅವಳು ಮತ್ತೆ ಮೊರ ಎತ್ತಿಕೊಂಡಳು. "ಕೂಡು. ಇದೊಂದು ಕೇರಿ ಮುಗಿಸ್ತೀನಿ."

ಹೊನ್ನೂರಪ್ಪ ನೆಲದ ಮೇಲೇ ಕೂತ. ಎಷ್ಟು ಹೊತ್ತಾಯಿತೆಂದು ಅವನು ಗಡಿಯಾರ ನೋಡಲಿಲ್ಲ.