ಹೋಳಿಗೆಗೆ ಬೆಲೆ ಇಲ್ಲ, ಕಾಯಿ ಮಾತ್ರ

ಶಿವಾಜಿನಗರದ ಒಂದು ಗಲ್ಲಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಎರಡು ಕಂಪ್ಯೂಟರ್, ಒಂದು ಪ್ರಿಂಟರ್. ಬೆಳಿಗ್ಗೆ ಉರ್ದುವಿನಲ್ಲಿ ನಿಕಾಹ್ ಕಾರ್ಡು, ಮಧ್ಯಾಹ್ನ ತಮಿಳಿನಲ್ಲಿ ನಾಮಕರಣ, ಸಂಜೆಗೆ ಕನ್ನಡದಲ್ಲಿ ಗೃಹಪ್ರವೇಶ. ಅಕ್ಷರ ಕೂಡಿಸುವ ಕೆಲಸ ಮಾಡುವವನಿಗೆ ಒಂದು ಕೆಟ್ಟ ಚಟ ಅಂಟಿಕೊಳ್ಳುತ್ತದೆ: ತಪ್ಪು ಮೊದಲು ಕಾಣುತ್ತದೆ, ಅರ್ಥ ಆಮೇಲೆ. ಕಂಡ ತಪ್ಪನ್ನು ಹೇಳದೆ ಸುಮ್ಮನೆ ನಗುವುದು ಮಾತ್ರ ನಾನೇ ಬೆಳೆಸಿಕೊಂಡ ಚಟ.

ಅಕ್ಕ ಮದುವೆಯಾಗಿ ಇಂಗ್ಲೆಂಡಿನ ಒಂದು ಸಣ್ಣ ಊರು ಸೇರಿದ್ದಳು. ಅಲ್ಲಿದ್ದ ಹದಿನೈದಿಪ್ಪತ್ತು ಕನ್ನಡದ ಮನೆಗಳು ಸೇರಿ ಒಂದು ಬಳಗ ಮಾಡಿಕೊಂಡಿದ್ದವು. ಶನಿವಾರ ಚರ್ಚಿನ ಸಭಾಂಗಣ ಬಾಡಿಗೆಗೆ ಹಿಡಿದು ಮಕ್ಕಳಿಗೆ ಕನ್ನಡ ಮತ್ತು ಕೋಲಾಟದ ಪಾಠ. ಅದೇ ದಿನ ಅಕ್ಕ, ಇನ್ನಿಬ್ಬರು ಹೆಂಗಸರು ಸೇರಿ ಊಟದ ಡಬ್ಬಿ ಮಾರುತ್ತಿದ್ದರು. ಗುರುವಾರ ಸಂಜೆಯೊಳಗೆ ಫೋನ್ ಮಾಡಿ ಹೇಳಬೇಕು, ಶನಿವಾರ ಮಧ್ಯಾಹ್ನ ಬಂದು ಒಯ್ಯಬೇಕು. ಬಳಗದ ಅಧ್ಯಕ್ಷರು ದಾವಣಗೆರೆ ಕಡೆಯ ಒಬ್ಬ ಡಾಕ್ಟರು. ಅವರ ಪ್ರತಿಯೊಂದು ಪ್ರಕಟಣೆಯೂ ‘ಸಮಸ್ತ ಕನ್ನಡ ಬಾಂಧವರಲ್ಲಿ ಸವಿನಯ ವಿನಂತಿ’ ಎಂದೇ ಶುರುವಾಗಬೇಕು.

ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲ. ಆಗಷ್ಟೇ ಎಲ್ಲರೂ ಸೇರತೊಡಗಿದ್ದ ಒಂದು ಜಾಲತಾಣದಲ್ಲಿ ಬಳಗಕ್ಕೂ ಒಂದು ಪುಟ ತೆರೆದಿದ್ದರು. ಪೋಸ್ಟರ್ ಮಾಡುವುದು, ಹಾಕುವುದು ಎರಡನ್ನೂ ಅಕ್ಕ ನನ್ನ ತಲೆಗೆ ಕಟ್ಟಿದಳು.

ಮೊದಲ ತಿಂಗಳು ಲೈಕುಗಳ ಸುರಿಮಳೆ. ಅಕ್ಕ ಹಿಗ್ಗಿದಳು. ನಾನು ಹೆಸರುಗಳನ್ನು ನೋಡಿದೆ: ಹಲಸೂರಿನ ಚಿಕ್ಕಪ್ಪನ ಮಕ್ಕಳು, ಕಮ್ಮನಹಳ್ಳಿಯ ನನ್ನ ಸ್ನೇಹಿತರು, ಮತ್ತು ನಾನೇ ಖಾತೆ ತೆರೆದುಕೊಟ್ಟಿದ್ದ ನಮ್ಮಮ್ಮ. ಲಿಂಗರಾಜಪುರದ ಮನೆಯಲ್ಲಿ ಕೂತು ಅಮ್ಮ ಪ್ರತಿ ಡಬ್ಬಿಯ ಫೋಟೋಗೂ ಸಲಹೆ ಕೊಡುತ್ತಿದ್ದಳು. ಅವಳು ಹೇಳಿದ್ದನ್ನು ನಾನು ಟೈಪ್ ಮಾಡಬೇಕು.

‘ಪಲ್ಯ ಯಾಕೆ ಕಪ್ಪಗಿದೆ ಅಂತ ಕೇಳೋ.’

‘ಅದು ಫೋಟೋದಲ್ಲಿ ಕಣಮ್ಮ.’

‘ಫೋಟೋದಲ್ಲೇ ಹಿಂಗಿದ್ರೆ ಬಾಯಿಗೆ ಯಾರು ಇಡ್ತಾರೆ?’

ಅಮ್ಮ ಹೇಳಿದ್ದು ಸರಿ ಇತ್ತು. ಅಕ್ಕ ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ಫೋಟೋ ತೆಗೆಯುತ್ತಿದ್ದಳು. ‘ಕಿಟಕಿ ಹತ್ರ ಇಟ್ಟು ಹಗಲಲ್ಲಿ ತೆಗಿ, ಮುಚ್ಚಳ ತೆಗೆದು, ಬಿಸಿ ಇರುವಾಗ’ ಎಂದೆ. ಕಡಲೆಬೀಜ ಹಾಕಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯೋಣ, ಇಲ್ಲಿ ಕೆಲವರಿಗೆ ಅದರ ಅಲರ್ಜಿ ಎಂದಳು ಅಕ್ಕ. ಅಪ್ಪ-ಅಮ್ಮ ಒಪ್ಪಿಗೆ ಬರೆದುಕೊಡದೆ ಮಕ್ಕಳ ಮುಖ ಹಾಕಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಹಾಗಾಗಿ ಕೋಲಾಟದ ಫೋಟೋಗಳಲ್ಲಿ ಬರೀ ಕೈ, ಕೋಲು, ಕಾಲು. ಎಲ್ಲ ಚೆಂದವಾಯಿತು. ಆದರೆ ಆ ಊರಿನ ಒಬ್ಬ ಹೊಸಬನೂ ಡಬ್ಬಿ ಕೇಳಲಿಲ್ಲ. ಲೈಕ್ ಒತ್ತಿದವರು ಹಲಸೂರಿನಲ್ಲಿ, ಹಸಿದವರು ಇಂಗ್ಲೆಂಡಿನಲ್ಲಿ.

ಆಗ ಇನ್ನೊಂದು ಪೀಕಲಾಟವಿತ್ತು. ಕನ್ನಡದಲ್ಲಿ ಬರೆದರೆ ಎಷ್ಟೋ ಮೊಬೈಲುಗಳಲ್ಲಿ ಅಕ್ಷರದ ಬದಲು ಸಾಲಾಗಿ ಚೌಕಗಳು ಕಾಣುತ್ತಿದ್ದವು. ಹಾಗಾಗಿ ಪೋಸ್ಟರಿನ ಜೊತೆ ಹಾಕುವ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಿದ್ದೆವು. ಡಾಕ್ಟರು ತರಗತಿಗೆಂದು ಒಂದು ಘೋಷವಾಕ್ಯ ಕಳಿಸಿದರು: Kannada kali, nali. ಕಲಿ, ನಲಿ. ನನಗೆ ಕಂಡದ್ದು ‘ಕನ್ನಡ ಖಾಲಿ, ನಲ್ಲಿ’. ಹೇಳಬಹುದಿತ್ತು. ಹೇಳಲಿಲ್ಲ. ಹಾಗೆಯೇ ಹಾಕಿದೆ.

ಅರ್ಧ ದಿನದೊಳಗೆ ಅಕ್ಕನ ಊರಿನವನೇ ಯಾರೋ ಕೆಳಗೆ ಬರೆದ: ‘ಕನ್ನಡ ಖಾಲಿ ಆಗಿದ್ರೆ ಕರೆಯೋದ್ಯಾಕೆ ಸ್ವಾಮಿ? ನಲ್ಲಿ ರಿಪೇರಿಗಾ?’ ಅದಕ್ಕೆ ಇನ್ನೊಬ್ಬ, ಅದಕ್ಕೆ ಮತ್ತೊಬ್ಬಳು. ಎಲ್ಲರೂ ಆ ಊರು, ಪಕ್ಕದ ಊರಿನವರೇ. ಡಾಕ್ಟರು ತಕ್ಷಣ ಅಳಿಸಿ ಎಂದರು. ಅಕ್ಕ ನನಗೆ ಫೋನ್ ಮಾಡಿ ಪಿಸುಗುಟ್ಟಿದಳು, ‘ಅಳಿಸ್ಬೇಡ ಕಣೋ. ಇವರೆಲ್ಲ ಇಲ್ಲಿದ್ದಾರೆ ಅಂತಾನೇ ನಮಗೆ ಗೊತ್ತಿರಲಿಲ್ಲ.’

ಅಂದಿನಿಂದ ಪ್ರತಿ ಮಂಗಳವಾರ ಒಂದು ಪದ ಹಾಕಿದೆವು. kallu ಎಂದು ಬರೆದು, ‘ಇದು ಕಟ್ಟುವುದೋ, ಕುಡಿಯುವುದೋ?’ ಎಂದು ಕೇಳುವುದು. ಜಗಳವಾಡುತ್ತಾ ಜನ ಬಂದರು. ಬುಧವಾರ ಉತ್ತರದ ಜೊತೆ ಆ ವಾರದ ಡಬ್ಬಿಯ ಫೋಟೋ. ಕೊನೆಗೊಂದು ಸಾಲು: ಲ, ಳ ಕಲಿಯಲು ಶನಿವಾರ ಬನ್ನಿ. ಡಬ್ಬಿ ಕೇಳಿ ಹೊಸಬರ ಫೋನುಗಳು ಬರತೊಡಗಿದವು. ತರಗತಿಗೆ ಮಾತ್ರ ಯಾರೂ ಬರಲಿಲ್ಲ.

ಯುಗಾದಿ ಬಂತು. ಆ ಸಲ ಬೇಳೆ ಹೋಳಿಗೆಯ ಬದಲು ಕಾಯಿ ಹೋಳಿಗೆ ಮಾಡುವುದೆಂದು ಹೆಂಗಸರು ತೀರ್ಮಾನಿಸಿದರು. ಆಮೇಲೆ ಯಾರೂ ಆಕ್ಷೇಪಿಸಬಾರದೆಂದು ಅಕ್ಕ ಮೊದಲೇ ಎಚ್ಚರಿಕೆ ಬರೆದು ಕಳಿಸಿದಳು: Ee sari holigege bele illa, kayi matra.

ಅವಳ ಮನಸ್ಸಿನಲ್ಲಿದ್ದದ್ದು ಬೇಳೆ. ನಾನು ಓದಿದ್ದು ಬೆಲೆ. ಕುರ್ಚಿಯಲ್ಲೇ ನಕ್ಕೆ. ನಿಕಾಹ್ ಕಾರ್ಡಿನ ಪ್ರೂಫ್ ನೋಡುತ್ತಿದ್ದ ಸಾಹೇಬರು, ‘ಕ್ಯಾ ಹುವಾ ಭಾಯ್?’ ಎಂದರು. ‘ಕುಛ್ ನೈ’ ಎಂದು ಆ ಸಾಲನ್ನು ಒಂದಕ್ಷರವೂ ತಿದ್ದದೆ ಹಾಕಿಬಿಟ್ಟೆ. ಒಂದಿಷ್ಟು ತಮಾಷೆಯ ಮಾತು ಬರಲಿ ಎಂಬುದಷ್ಟೇ ನನ್ನ ಲೆಕ್ಕ. ವಿಚಿತ್ರವೆಂದರೆ ಅದಕ್ಕೆ ಯಾರೂ ಏನೂ ಬರೆಯಲಿಲ್ಲ. ಸುಮ್ಮನೆ ಓದಿಕೊಂಡರು.

ಶನಿವಾರ ಇಲ್ಲಿ ಸಂಜೆ, ಅಲ್ಲಿ ಮಧ್ಯಾಹ್ನ. ಅಕ್ಕನ ಫೋನು.

‘ಲೋ, ಏನ್ ಹಾಕಿದೀಯಾ ನೀನು? ಹಾಲ್ ಬಾಗಿಲಲ್ಲಿ ಜನ ನಿಂತವ್ರೆ. ಗುರುತೇ ಇಲ್ಲದವ್ರು. ಎಲ್ರ ಕೈಯಲ್ಲೂ ಒಂದೊಂದು ತೆಂಗಿನಕಾಯಿ!’

ಹೋಳಿಗೆಗೆ ದುಡ್ಡು ಬೇಡ, ಕಾಯಿ ತಂದರೆ ಸಾಕು ಎಂದು ಓದಿಕೊಂಡಿದ್ದರು. ಹಬ್ಬವಲ್ಲವೇ, ಪೂಜೆಗಿರಬೇಕು ಎಂದು ಅಂಗಡಿ ಅಂಗಡಿ ಅಲೆದು, ಜುಟ್ಟಿರುವ ಕಾಯಿಯನ್ನೇ ಹುಡುಕಿ ತಂದಿದ್ದರಂತೆ. ಹೇಳಿಟ್ಟವರ ಡಬ್ಬಿ ಬಿಟ್ಟರೆ ಮೇಲೆ ಉಳಿದದ್ದು ಒಂದೇ ತಟ್ಟೆ ಹೋಳಿಗೆ. ಅಕ್ಕನ ದನಿ ಅಳುವಿಗೆ ಬಂದಿತ್ತು. ಬೆಳಗಿನ ಜಾವದಿಂದ ಲಟ್ಟಿಸಿದವಳು ಅವಳು. ಇಲ್ಲಿ ಫ್ಯಾನಿನ ಕೆಳಗೆ ಕೂತು ಕುಚೋದ್ಯ ಮಾಡಿದವನು ನಾನು.

ಫೋನ್ ಇಡದೆ ಕೇಳಿಸಿಕೊಂಡೆ. ಡಾಕ್ಟರು ಮುಂದೆ ಬಂದರು. ‘ಸಮಸ್ತ ಕನ್ನಡ ಬಾಂಧವರೇ’ ಎಂದು ಶುರು ಮಾಡಿ, ಎಂದೂ ಇಲ್ಲದಂತೆ ಅಲ್ಲೇ ನಿಲ್ಲಿಸಿದರು. ‘ತಪ್ಪು ನಮ್ದೇ. ನಾವು ಬರೆದದ್ದು ಬೇಳೆ, ನೀವು ಓದಿದ್ದು ಬೆಲೆ. ಇವತ್ತು ಹೋಳಿಗೆಗೆ ನಿಜವಾಗ್ಲೂ ಬೆಲೆ ಇಲ್ರೀ. ಆದ್ರೆ ಒಬ್ಬೊಬ್ರೂ ಬಂದು ಮಕ್ಕಳ ಮುಂದೆ ‘ಬೇಳೆ’ ಅಂತ ಸರಿಯಾಗಿ ಹೇಳ್ಬೇಕು. ಮಕ್ಕಳು ಪಾಸ್ ಮಾಡಿದ್ರೆ ಅರ್ಧ ಹೋಳಿಗೆ.’

ಆಮೇಲೆ ಕೇಳಿಸಿದ್ದು ಬರೀ ಗದ್ದಲ. ದೊಡ್ಡವರು ಒಬ್ಬೊಬ್ಬರಾಗಿ ‘ಬೇಲೆ’, ‘ಬೇಳೆ’ ಎನ್ನುವುದು, ಮಕ್ಕಳು ‘ಫೇಲ್! ಫೇಲ್!’ ಎಂದು ಕುಣಿಯುವುದು. ಕಲಬುರಗಿಯ ಕಡೆಯ ಒಬ್ಬರು ‘ನಾ ಹುಟ್ಟಿದಾಗಿಂದ ಬ್ಯಾಳಿ ಅಂತೀನ್ರೀ, ನೀವೇ ಕಲೀರಿ’ ಎಂದು ವಾದಕ್ಕೆ ನಿಂತರು. ಮಕ್ಕಳು ತಮ್ಮತಮ್ಮಲ್ಲೇ ಚರ್ಚಿಸಿ ಅವರನ್ನೂ ಪಾಸ್ ಮಾಡಿದರಂತೆ. ಅರ್ಧ ಹೋಳಿಗೆ ಸಾಲದೆ ಕಾಲು ಕಾಲು ಹಂಚಿದರು.

ಮುಂದಿನ ಶನಿವಾರದಿಂದ ದೊಡ್ಡವರಿಗೂ ಒಂದು ತರಗತಿ ಶುರುವಾಯಿತು. ಕಲಬುರಗಿಯವರೇ ಮೇಷ್ಟ್ರು. ಕಾಯಿಗಳೆಲ್ಲ ಬರ್ಫಿಯಾದವು, ಅಕ್ಕ ಅದನ್ನೂ ಡಬ್ಬಿಯ ಪಟ್ಟಿಗೆ ಸೇರಿಸಿದಳು.

ನಾನು ಬೇಕೆಂದೇ ಹಾಗೆ ಹಾಕಿದೆ ಎಂದು ಅಕ್ಕನಿಗೆ ಹೇಳುವ ಧೈರ್ಯ ಬರಲು ಎರಡು ವಾರ ಹಿಡಿಯಿತು. ಬೈಯುತ್ತಾಳೆಂದು ಕಾದೆ. ಅವಳು, ‘ಗೊತ್ತು ಕಣೋ. ಕಾರ್ಡಲ್ಲಿ ಒಂದು ಒತ್ತು ಬಿಟ್ಟೋದ್ರೆ ಮನೆಗೆ ಬಂದು ಪೇಚಾಡೋನು ನೀನು. ಇದು ಕಾಣಿಸ್ಲಿಲ್ಲ ಅಂದ್ರೆ ಯಾರು ನಂಬ್ತಾರೆ?’ ಎಂದಳು. ಆಮೇಲೆ, ‘ಡಾಕ್ಟ್ರಿಗೆ ಮಾತ್ರ ಹೇಳ್ಬೇಡ. ತರಗತಿ ತುಂಬಿದ್ದು ಅವರ ಭಾಷಣದಿಂದ ಅಂದ್ಕೊಂಡವ್ರೆ, ಪಾಪ.’

ನಾನು ಹೇಳಲಿಲ್ಲ. ಅವರ ಭಾಷಣದಿಂದಲೇ ತುಂಬಿದ್ದು ಎಂದು ಈಗಲೂ ನನಗೆ ಅನ್ನಿಸುತ್ತದೆ.