ಶಮೀಮಳಿಗೆ ಎಷ್ಟನೇ ಮೆಟ್ಟಿಲು?

ಮೊನ್ನೆ ತಮ್ಮನ ಮಗಳು ಬಿ.ಎಡ್. ಪರೀಕ್ಷೆಗೆ ಓದುತ್ತ ಒಂದು ಏಣಿಯ ಚಿತ್ರ ಬರೆದಳು. ಅದಕ್ಕೆ ಆರು ಮೆಟ್ಟಿಲು. ನೋಡಿದ್ದೇ ನನ್ನ ಹಳೆಯ ಅಂಜಿಕೆ ಮರಳಿತು. ನಗಬೇಡಿ, ನಾನು ಮೊದಲಿನಿಂದಲೂ ಪುಕ್ಕಲಿ. ಬಸ್ಸು ಬರುವ ಮೊದಲೇ ಬಸ್ಸು ತಪ್ಪಿತೆಂದು ಬೆವರುವವಳು.

ಎಂಬತ್ತರ ದಶಕದ ಮೊದಲಲ್ಲಿ ನಾನು ಶಹಾಬಾದದ ಒಂದು ಶಾಲೆಗೆ ಹೊಸ ಟೀಚರ್. ಸರಿ ತಪ್ಪಿನ ವಿಚಾರ ಮನುಷ್ಯರಲ್ಲಿ ಎಷ್ಟು ಬೆಳೆದಿದೆಯೆಂದು ಅಳೆಯುವ ಈ ಏಣಿಯನ್ನು ಟ್ರೇನಿಂಗ್ ಕಾಲೇಜಿನಲ್ಲಿ ಬಾಯಿಪಾಠ ಮಾಡಿ ಬಂದಿದ್ದೆ. ಮೊದಲ ಮೆಟ್ಟಿಲಿನವರು ಪೆಟ್ಟಿಗೆ ಅಂಜಿ ಸರಿಯಾಗಿರುತ್ತಾರೆ. ಎರಡನೆಯವರು ತಮಗೇನು ಲಾಭ ಎನ್ನುತ್ತಾರೆ. ಮೂರನೆಯವರಿಗೆ ತಮ್ಮವರ ಕಣ್ಣಲ್ಲಿ ಒಳ್ಳೆಯವರಾಗಬೇಕು, ನಾಲ್ಕನೆಯವರಿಗೆ ಕಾಯದೆ ನಿಲ್ಲಬೇಕು. ಐದನೆಯವರು ಕಾಯದೆಯನ್ನೇ ಮಂದಿಯ ಹಕ್ಕು, ಒಪ್ಪಂದಗಳಿಗೆ ಹಚ್ಚಿ ತೂಗುತ್ತಾರೆ. ಆರನೆಯದು ಎಲ್ಲರಿಗೂ ಸಲ್ಲುವ ನ್ಯಾಯತತ್ವ. ಅಲ್ಲಿ ನಿಂತವರನ್ನು ನಾನಂತೂ ಕಂಡಿಲ್ಲ. ಮೆಟ್ಟಿಲು ಹಾರಿ ಏರುವಂತಿಲ್ಲ, ಒಂದೊಂದೇ ಹತ್ತಬೇಕು. ಇಕ್ಕಟ್ಟಿನ ಒಂದು ಕತೆ ಹೇಳಿ ಉತ್ತರ ಕೇಳುವುದು. ಹೌದೋ ಅಲ್ಲವೋ ಎಂಬುದು ಮುಖ್ಯವಲ್ಲ, ‘ಯಾಕೆ’ ಎಂಬುದಕ್ಕೆ ಅಂಕ.

ಹತ್ತನೆಯ ತರಗತಿಯ ಶಮೀಮ ಒಂದು ದಿನ ಅಜ್ಜಿಗೆ ಆರಾಮಿಲ್ಲವೆಂದು ಹೇಳಿ ಮಧ್ಯಾಹ್ನವೇ ಹೊರಟುಹೋದಳು. ಗಳಿಗೆ ಕಳೆಯುವುದರೊಳಗೆ ಅದೇ ಅಜ್ಜಿ ಮೊಮ್ಮಗಳು ಮರೆತ ಬುತ್ತಿ ಹಿಡಿದು ಗಟ್ಟಿಮುಟ್ಟಾಗಿ ಶಾಲೆಗೆ ಬಂದರು. ಮರುದಿನ ಹೆಡ್ಮಾಸ್ತರು ಕೇಳಿದರೆ, "ಗೆಳತಿ ಕೆಲಸಿತ್ತ್ರಿ" ಎಂದಷ್ಟೇ ಉತ್ತರ. ಯಾವ ಗೆಳತಿ, ಏನು ಕೆಲಸ? ಬಾಯಿ ಬಿಡಲಿಲ್ಲ. ಶಾಲೆಯಿಂದ ಹೆಸರು ಕಡಿಯುವ ಮಾತು ಬಂತು. ಕಲ್ಲಿಗೆ ಪಾಲಿಶ್ ಮಾಡುವ ಅವಳ ಅಪ್ಪ, "ಹೆಸರು ಕಡದ್ರ ಮನ್ಯಾಗ ಕುಂದರ್ಲಿ, ನಿಕಾ ಮಾಡ್ತೀನಿ" ಎಂದುಬಿಟ್ಟ.

ಹೆಡ್ಮಾಸ್ತರು ನನ್ನನ್ನು ಕರೆದರು. "ನೀವು ಮನಶ್ಶಾಸ್ತ್ರ ಕಲ್ತೀರಿ. ಹುಡುಗಿ ಎಷ್ಟನೇ ಮೆಟ್ಟಲದಾಗ ಅದಾಳ ನೋಡ್ರಿ. ಕೆಳಗಿದ್ರ ಇಂಥಾಕಿ ನಮಗ ಬ್ಯಾಡ." ಏಣಿಯ ಕತೆಯನ್ನು ಅವರಿಗೆ ಹೇಳಿ ಜಂಬ ಕೊಚ್ಚಿದವಳೂ ನಾನೇ.

ಶಮೀಮಳನ್ನು ಕರೆದು ಕತೆ ಹೇಳಿದೆ: ಗಣಿಯಲ್ಲಿ ಮದ್ದು ಸಿಡಿಯುವಾಗ ಕೆಂಪು ಬಾವುಟ ಹಿಡಿದ ಕಾವಲುಗಾರ ಜಾಗ ಬಿಡಬಾರದು. ಅದೇ ಹೊತ್ತಿಗೆ ಪಕ್ಕದ ಗುಡಿಸಲಿನ ಕೂಸನ್ನು ಡಾಕ್ಟರ ಕಡೆ ಒಯ್ಯಬೇಕು. ಅವನು ಏನು ಮಾಡಬೇಕು?

"ದೊಡ್ಡವರು ಹೇಳಿದಂಗ್ರಿ" ಎಂದು ತಲೆ ತಗ್ಗಿಸಿದಳು. ಪುಸ್ತಕದಂತೆ ಅದು ಒಂದನೇ ಮೆಟ್ಟಿಲು. ಆದರೆ ಅಂಜಿಕೆಯಿಂದ ಬಂದ ಉತ್ತರವೇ ಅದು? ನಮ್ಮ ಕಡೆ ಹುಡುಗಿಯೊಬ್ಬಳು ಹಿರಿಯರ ಎದುರು ನಿಂತು ವಾದ ಮಾಡಿದರೆ ಬೆಳೆದಳು ಎನ್ನುವುದಿಲ್ಲ, ಕೆಟ್ಟಳು ಎನ್ನುತ್ತಾರೆ.

ಭಾನುವಾರ ನನ್ನ ಕೋಣೆಗೆ ಕರೆದು ಎದುರಿಗೆ ಅಕ್ಕಿಯ ಮೊರ ಇಟ್ಟೆ. ಕೈಗೆ ಕೆಲಸವಿದ್ದರೆ ನಮ್ಮ ಹೆಣ್ಣುಮಕ್ಕಳ ನಾಲಿಗೆ ಸಡಿಲಾಗುತ್ತದೆ. ಕಲ್ಲು ಆರಿಸುತ್ತ ಅದೇ ಕತೆ ತೆಗೆದೆ.

"ಅಂವ ಒಬ್ಬನೇ ಯಾಕ ಅದಾನ್ರಿ ಟೀಚರ್? ಕೂಗಿದ್ರ ನಾಕು ಮಂದಿ ಬರ್ತಾರ. ಒಬ್ಬರು ಬಾವುಟ ಹಿಡೀಲಿ, ಒಬ್ಬರು ಕೂಸಿಗಿ ಒಯ್ಲಿ."

ಇದಕ್ಕೆ ಪುಸ್ತಕ ಮೂರನೇ ಮೆಟ್ಟಿಲು ಕೊಡುತ್ತದೆ: ಪ್ರಶ್ನೆಯಿಂದ ನುಣುಚಿಕೊಂಡಳು, ಬರೀ ಸಂಬಂಧ ನೋಡಿದಳು. ಆಗ ನಮ್ಮ ಟ್ರೇನಿಂಗ್ ಕಾಲೇಜಿನ ಮೇಷ್ಟ್ರು ಕೊನೆಯ ಪಾಠದಲ್ಲಿ ಅವಸರದಿಂದ ಹೇಳಿದ್ದು ನೆನಪಾಯಿತು. ಆ ಏಣಿಯನ್ನು ಮೊದಲು ಕಟ್ಟಿದ್ದು ಪರದೇಶದ ಗಂಡುಹುಡುಗರ ಉತ್ತರಗಳಿಂದ. ನೋವಾಗದಂತೆ ನೋಡಿಕೊಳ್ಳುವುದೂ ಒಂದು ನೀತಿಯೇ, ಅದು ಕೆಳಗಿನ ಮೆಟ್ಟಿಲಲ್ಲ ಎಂದು ಅಲ್ಲಿಯ ಒಬ್ಬ ವಿದುಷಿ ಜಗಳ ತೆಗೆದಿದ್ದಾಳೆ. ಮೇಲಿನ ಮೆಟ್ಟಿಲಲ್ಲಿ ಸಿಗುವವರು ಬಹುಪಾಲು ಓದಿದ ಪಟ್ಟಣದವರು ಎಂದು ಬೇರೆಯವರೂ ತಕರಾರು ಮಾಡಿದ್ದಾರೆ. ಓದು, ಕೆಲಸ ಸಮವಿದ್ದರೆ ಗಂಡು ಹೆಣ್ಣಿನ ಅಂತರ ಅಷ್ಟು ಕಾಣುವುದಿಲ್ಲ ಎಂದು ಮುಂದೆ ನಾನೇ ಓದಿದೆ. ಜಗಳ ಇನ್ನೂ ಮುಗಿದಿಲ್ಲ.

"ಮತ್ತ ನಿನ್ನ ಗೆಳತಿ ಮಾತು ಯಾಕ ಹೇಳವಲ್ಲಿ?"

"ಅದು ಆಕಿ ಮಾತ್ರಿ. ನಾ ಹ್ಯಾಂಗ ಹೇಳ್ಲಿ?"

ನಾನು ಮೆಟ್ಟಿಲಿನ ಲೆಕ್ಕ ಹಾಕಿದೆ. ಗೆಳೆತನಕ್ಕಾಗಿ ಎಂದರೆ ಮೂರು. ಒಬ್ಬರ ಮಾತಿನ ಮೇಲೆ ಅವರದೇ ಹಕ್ಕು ಎಂದರೆ ಐದು. ಮಾತು ಒಂದೇ, ಮೆಟ್ಟಿಲು ಹೇಳುವವಳಲ್ಲಿತ್ತೋ ಕೇಳುವ ನನ್ನಲ್ಲಿತ್ತೋ?

ಸೋಮವಾರ ಹೆಡ್ಮಾಸ್ತರ ಕೋಣೆಗೆ ಹೋಗಿ ಹೇಳಿದೆ. "ಅಂಕ ಕೊಡಂಗಿಲ್ರಿ ಸರ್. ಅದು ವಿಚಾರದ ರೀತಿ ನೋಡ್ತದ, ನಡತಿ ಸರ್ಟಿಫಿಕೇಟ್ ಅಲ್ರಿ."

"ನಾಳೆ ಏನರ ಆದ್ರ ಯಾರು ಜವಾಬ್ದಾರಿ?"

"ನಾನ್ರಿ" ಎಂದೆ.

ಅವರು ಹಾಜರಿ ಪುಸ್ತಕ ಮುಚ್ಚಿ, "ಕುಂದರ್ಲಿ ಪರೀಕ್ಷಾಕ" ಎಂದರು. ಪರೀಕ್ಷೆ ಮುಗಿಯುವ ತನಕ ನನಗೆ ಅನ್ನ ಸೇರಲಿಲ್ಲ. ಶಮೀಮ ಪಾಸಾಗಿ ಹತ್ತಿರದ ವಾಡಿ ಊರಿನ ಕಾಲೇಜಿಗೆ ಹೋದಳು. ಆ ಮಧ್ಯಾಹ್ನ ಏನು ನಡೆಯಿತೆಂದು ಇಂದಿಗೂ ನನಗೆ ಗೊತ್ತಿಲ್ಲ. ಕಾಣದ ಮಾತಿಗೆ ಜಾಮೀನು ನಿಂತೆನಲ್ಲ, ಅದೇನಾದರೂ ಕೆಟ್ಟ ಕೆಲಸವಾಗಿದ್ದರೆ ಎಂದು ಎಷ್ಟೋ ವರ್ಷ ಒಳಗೊಳಗೇ ಹೆದರಿದ್ದೇನೆ.

ಇದನ್ನೆಲ್ಲ ಕೇಳಿದ ತಮ್ಮನ ಮಗಳು ಪೆನ್ಸಿಲ್ ಕೆಳಗಿಟ್ಟಳು. "ಅತ್ತಿ, ಆ ಹುಡುಗಿ ಮಾಡಿದ್ದು ಸರಿ ಏನು?"

"ಸರಿ" ಎಂದೆ.

"ಏನಾಗಿತ್ತಂತ ಗೊತ್ತೇ ಇಲ್ಲಲ್ಲ ನಿನಗ?"

"ಗೊತ್ತಿಲ್ಲ. ಸಾಲಿಯಿಂದ ಹೆಸರು ಕಡೀತಾರಂದ್ರೂ ಆಕಿ ಗೆಳತಿ ಹೆಸರು ಹೇಳಲಿಲ್ಲ. ಅದಿಷ್ಟು ಗೊತ್ತದ."

ಹೇಳಿ ಮುಗಿಸಿದ ಮೇಲೆ ಎಂದಿನಂತೆ ಆ ಅಂಜಿಕೆ ಮರಳುತ್ತದೆಂದು ಕಾದೆ. ಮರಳಲಿಲ್ಲ.